ಪೋರ್ಟಲ್‌ನಲ್ಲಿ ಬಿಲ್ "ಬ್ಲಾಕ್ಡ್ - ಪ್ರೈಸ್" ಅಂತ ನಿಂತಿದೆ, ಇಡಿಐಗೆ ಹೋದ್ರೆ ಸರಿ ಹೋಗತ್ತಾ?

ಪೀಣ್ಯ ಟರ್ನಿಂಗ್
ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ದೊಂದು ಸಣ್ಣ ಸಿಎನ್‌ಸಿ ಶಾಪ್, ಬುಷ್, ಸ್ಪೇಸರ್ ಮಾಡಿ ಒಂದು ದೊಡ್ಡ ಆಟೋ ಕಂಪನಿಗೆ ಕೊಡ್ತೀವಿ, ಹೆಸರು ಬೇಡ. ಟರ್ನೋವರ್ 5 ಕೋಟಿ ದಾಟಿದೆ ಹಾಗಾಗಿ ಇ-ಇನ್‌ವಾಯ್ಸ್ ಕಡ್ಡಾಯ. ಈಗ ನಡೀತಿರೋದು ಏನಂದ್ರೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಬಿಲ್ ಹಾಕಿ ಸರ್ಕಾರಿ ಪೋರ್ಟಲ್‌ನಿಂದ ಐಆರ್‌ಎನ್ ಅನ್ನೋ ನಂಬರ್ ತಗೋಬೇಕು, ಆಮೇಲೆ ಅದೇ ಬಿಲ್ ನಂಬರ್, ಅದೇ ಪಾರ್ಟ್ ನಂಬರ್, ಅದೇ ಕ್ವಾಂಟಿಟಿನ ಕಸ್ಟಮರ್ ಪೋರ್ಟಲ್‌ಗೆ ಹೋಗಿ ಎಎಸ್‌ಎನ್, ಅಂದ್ರೆ ಮಾಲು ಬರ್ತಿದೆ ಅನ್ನೋ ಮುಂಗಡ ಸೂಚನೆ, ಅಂತ ಇನ್ನೊಂದ್ಸಲ ಟೈಪ್ ಮಾಡ್ಬೇಕು, ಎಎಸ್‌ಎನ್ ಪ್ರಿಂಟ್ ಇಲ್ದೆ ಗಾಡಿ ಗೇಟ್ ಒಳಗೆ ಬಿಡಲ್ಲ. ಅದೂ ಹೋಗ್ಲಿ ಅಂದ್ರೆ ಮಾಲು ಇಳ್ಸಿ, ಮಾಲು ಸಿಕ್ತು ಅಂತ ಅವ್ರ ಜಿಆರ್‌ಎನ್ ಆದ್ಮೇಲೆ ಪೋರ್ಟಲ್‌ನಲ್ಲಿ ಕೆಲವು ಬಿಲ್ "ಬ್ಲಾಕ್ಡ್ - ಪ್ರೈಸ್" ಅಂತ ತೋರ್ಸತ್ತೆ, ಪೇಮೆಂಟ್ ಬರಲ್ಲ. ಎಲ್ಲಾ ಬಿಲ್ಲೂ ಅಲ್ಲ, ಕೆಲವು ಮಾತ್ರ. ಒಂದೇ ಪಾರ್ಟ್, ಒಂದೇ ಪರ್ಚೇಸ್ ಆರ್ಡರ್ ಅಂದ್ರೆ ಪಿಒ, ಒಂದು ಬಿಲ್ ಪಾಸಾಗತ್ತೆ ಇನ್ನೊಂದು ನಿಲ್ಲತ್ತೆ.

ಕಸ್ಟಮರ್ ಕಡೆಯಿಂದ ಈಗ ಮೇಲ್ ಬಂದಿದೆ, "ಇಡಿಐ ಇಂಟಿಗ್ರೇಷನ್ ಮಾಡ್ಕೊಳ್ಳಿ, ಮ್ಯಾನ್ಯುಯಲ್ ಎಂಟ್ರಿ ತಪ್ಪುಗಳು ನಿಲ್ಲತ್ತೆ" ಅಂತ. ಅಂದ್ರೆ ಟೈಪ್ ಮಾಡ್ದೆ ನಮ್ಮ ಸಿಸ್ಟಮ್‌ನಿಂದ ಅವ್ರ ಸಿಸ್ಟಮ್‌ಗೆ ಬಿಲ್, ಎಎಸ್‌ಎನ್ ಎಲ್ಲ ನೇರ ಹೋಗೋ ಥರ. ಒಬ್ಬ ಸರ್ವೀಸ್ ಪ್ರೊವೈಡರ್ ಕೊಟೇಷನ್ ಕೊಟ್ಟಿದಾನೆ, ಸೆಟಪ್ ಬೇರೆ, ತಿಂಗಳ ಬಾಡಿಗೆ ಬೇರೆ. ದಿನಕ್ಕೆ ಆರೇಳು ಬಿಲ್ ಅಷ್ಟೇ ನಮ್ದು. ತಗೋಬೇಕಾ? ಯಾರಾದ್ರೂ ಮಾಡ್ಸಿದೀರಾ?

ಕರಾವಳಿ ಎಕ್ಸ್‌ಪೋರ್ಟರ್
ಇಡಿಐ ತುಂಬಾ ಒಳ್ಳೇದು ಮಾರಾಯ್ರೆ, ನಾವು ಮಂಗಳೂರು ಬಂದರಲ್ಲಿ ಶಿಪ್ಪಿಂಗ್ ಬಿಲ್ ಎಲ್ಲ ಅದರಲ್ಲೇ ಹಾಕುದು. ICEGATE ರಿಜಿಸ್ಟ್ರೇಷನ್ ಮಾಡ್ಸಿ, ಡಿಜಿಟಲ್ ಸಿಗ್ನೇಚರ್ ಬೇಕು, ಸಿಎಚ್‌ಎ ಹತ್ರ ಕೇಳಿ ಅವ್ರೇ ಮಾಡಿ ಕೊಡ್ತಾರೆ.

ಪೀಣ್ಯ ಟರ್ನಿಂಗ್
ಸಾರ್ ಅದು ಕಸ್ಟಮ್ಸ್ ಇಡಿಐ. ನಾನು ಕೇಳ್ತಿರೋದು ಕಸ್ಟಮರ್‌ದು.

ಕರಾವಳಿ ಎಕ್ಸ್‌ಪೋರ್ಟರ್
ಓ ಹೌದಾ, ಕಸ್ಟಮ್ಸ್ ಅಂತ ಓದಿದೆ ನಾನು. ಕ್ಯಾರಿ ಆನ್ 😄

ಲೆಕ್ಕದ ಹುಡುಗ
ಇಷ್ಟೆಲ್ಲಾ ಯಾಕೆ ಸಾರ್? ನೀವು ಐಆರ್‌ಎನ್ ತಗೊಂಡಾಗ್ಲೇ ಇಡೀ ಬಿಲ್ ಜೆಸನ್ ಆಗಿ ಗವರ್ನಮೆಂಟ್ ಪೋರ್ಟಲ್‌ಗೆ ಹೋಗಿರತ್ತೆ. ಕಸ್ಟಮರ್ ಅದನ್ನೇ ಇಳ್ಸಿಕೊಂಡ್ರೆ ಆಯ್ತು, ಅದೇ ಇಡಿಐ ಅಲ್ವಾ? ಎರಡ್ಸಲ ಟೈಪ್ ಮಾಡ್ಸೋದು ಅವ್ರ ಸೋಮಾರಿತನ.

ಮೆಸೇಜ್ ಮೇಸ್ತ್ರಿ
@ಲೆಕ್ಕದ ಹುಡುಗ ಅರ್ಧ ಸರಿ. ಖರೀದಿ ಮಾಡಿದವ್ರು ತಮ್ಮ ಜಿಎಸ್‌ಟಿಐಎನ್ ಮೇಲೆ ಬಂದಿರೋ ಇ-ಇನ್‌ವಾಯ್ಸ್‌ಗಳನ್ನ ಇಳ್ಸಿಕೊಳ್ಳೋಕೆ ಆಗತ್ತೆ, ನಿಜ. ಆದ್ರೆ ಆ ಬಿಲ್ ಯಾವ ಪಿಒಗೆ, ಆ ಪಿಒದಲ್ಲಿ ಎಷ್ಟನೇ ಲೈನ್‌ಗೆ ಅನ್ನೋದು ಅದ್ರಲ್ಲಿ ಇರ್ಲೇಬೇಕು ಅಂತ ಇಲ್ಲ. `PORefr` ಅಂತ ಒಂದು ಫೀಲ್ಡ್ ಇದೆ, ಐಟಂ ಒಳಗೆ `OrdLineRef` ಅಂತ ಇನ್ನೊಂದು ಇದೆ, ಎರಡೂ ಐಚ್ಛಿಕ. ಹೆಚ್ಚಿನವ್ರು ಖಾಲಿ ಬಿಡ್ತಾರೆ, ಯಾಕಂದ್ರೆ ಜಿಎಸ್‌ಟಿಗೆ ಅದು ಬೇಕಾಗಿಲ್ಲ. ಬಿಲ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಅಂತೂ ಪಿಒ ನಂಬರ್ ಇಲ್ವೇ ಇಲ್ಲ, ಇಬ್ಬರ ಜಿಎಸ್‌ಟಿಐಎನ್, ಬಿಲ್ ನಂಬರ್, ತಾರೀಕು, ಮೊತ್ತ, ಎಷ್ಟು ಐಟಂ, ಮುಖ್ಯ ಎಚ್‌ಎಸ್‌ಎನ್, ಐಆರ್‌ಎನ್ ಇಷ್ಟೇ. ಕಸ್ಟಮರ್ ಸಿಸ್ಟಮ್‌ಗೆ ಪಿಒ ಲೈನ್ ಗೊತ್ತಾಗದೆ ಬಿಲ್ಲನ್ನ ಯಾವ ಜಿಆರ್‌ಎನ್ ಜೊತೆ ಹೋಲ್ಸಬೇಕು ಅಂತ ಗೊತ್ತಾಗಲ್ಲ. ಎಎಸ್‌ಎನ್ ಕೇಳೋದು ಅದಕ್ಕೆ.

@ಪೀಣ್ಯ ಟರ್ನಿಂಗ್ ಸಾರ್, ಇಡಿಐ ಬೇಕಾ ಬೇಡ್ವಾ ಆಮೇಲೆ ನೋಡೋಣ. ಮೊದ್ಲು ನಿಂತಿರೋ ಒಂದು ಬಿಲ್ ಮತ್ತೆ ಅದೇ ಪಾರ್ಟ್‌ದು ಪಾಸಾದ ಒಂದು ಬಿಲ್, ಎರಡರ ಕ್ವಾಂಟಿಟಿ, ರೇಟ್, ಟ್ಯಾಕ್ಸೆಬಲ್ ವ್ಯಾಲ್ಯೂ ಇಲ್ಲಿ ಹಾಕಿ. ಪಿಒ ಪಿಡಿಎಫ್ ತೆಗ್ದು ರೇಟ್ ಕಾಲಂ ಪಕ್ಕ "per" ಅಂತ ಒಂದು ಸಣ್ಣ ಕಾಲಂ ಇರತ್ತೆ, ಅದ್ರಲ್ಲಿ ಏನಿದೆ ನೋಡಿ ಹೇಳಿ.

ಬೆಳಗಾವಿ ಫೌಂಡ್ರಿ
ನಮ್ಮದೂ ಹಿಂಗ ಇತ್ತರೀ. ಆದ್ರ ನಮ್ಮದು ರೇಟ್ ಅಲ್ಲ, ತೂಕದ ಗದ್ಲ. ನಾವು ಕಾಸ್ಟಿಂಗ್ ಕೊಡೂದು ನಂಬರ್ ಮ್ಯಾಲೆ, ಅವ್ರ ಪಿಒ ಕೆಜಿ ಮ್ಯಾಲೆ. ಒಂದೊಂದು ಹೀಟ್‌ಗೆ ತೂಕ ಸ್ವಲ್ಪ ಹೆಚ್ಚು ಕಮ್ಮಿ ಆಗೇ ಆಗ್ತದ, ಅವ್ರ ವೇಬ್ರಿಜ್ಜು ಒಂದು ಹೇಳ್ತದ ನಮ್ಮದು ಒಂದು ಹೇಳ್ತದ. ಕಡೀಗೆ ಪಿಒನ ನಂಬರ್‌ಗೆ ಬದಲಿ ಮಾಡ್ಸಿದ್ವಿ, ಅದಕ್ಕ ಅವ್ರ ಪರ್ಚೇಸ್ ಮ್ಯಾನೇಜರ್ ಹಿಂದ ಎಷ್ಟು ಅಡ್ಡಾಡಿದ್ವಿ ಅಂತ ಕೇಳಬ್ಯಾಡ್ರಿ.

ಪೀಣ್ಯ ಟರ್ನಿಂಗ್
@ಮೆಸೇಜ್ ಮೇಸ್ತ್ರಿ ನೋಡ್ದೆ ಸಾರ್. ಪಾಸಾದ ಬಿಲ್: 300 ನಂಬರ್, ರೇಟ್ 12.37, ವ್ಯಾಲ್ಯೂ 3,711.00. ನಿಂತಿರೋದು: 4,800 ನಂಬರ್, ರೇಟ್ 12.37, ವ್ಯಾಲ್ಯೂ 59,376.00. ಪಿಒದಲ್ಲಿ 1,236.50 ಅಂತಿದೆ, ಪಕ್ಕದ ಕಾಲಂನಲ್ಲಿ 100 ಅಂತ ಇದೆ. ಅದು ನೂರಕ್ಕೆ ರೇಟ್ ಅಂತ ನಮಗೆ ಮೊದ್ಲಿಂದ ಗೊತ್ತು, ನಾವು 100ರಿಂದ ಭಾಗ ಮಾಡಿ ಹಾಕ್ತೀವಿ.

ಮೆಸೇಜ್ ಮೇಸ್ತ್ರಿ
ಸಿಕ್ತು ನೋಡಿ. 1,236.50ನ ನೂರರಿಂದ ಭಾಗ ಮಾಡಿದ್ರೆ 12.365 ಬರತ್ತೆ. ನಿಮ್ಮ ಸಾಫ್ಟ್‌ವೇರ್ ರೇಟ್‌ಗೆ ಎರಡೇ ದಶಮಾಂಶ ಇಟ್ಕೊಂಡಿದೆ, ಹಾಗಾಗಿ 12.37 ಆಯ್ತು. ಒಂದು ಬುಷ್‌ಗೆ ಅರ್ಧ ಪೈಸೆ ಜಾಸ್ತಿ. 300 ನಂಬರ್‌ಗೆ ಒಂದೂವರೆ ರೂಪಾಯಿ, ಅಷ್ಟು ವ್ಯತ್ಯಾಸ ಅವ್ರ ಸಿಸ್ಟಮ್ ಬಿಟ್ಟುಬಿಡತ್ತೆ. 4,800 ನಂಬರ್‌ಗೆ ಪಿಒ ಪ್ರಕಾರ ಬರ್ಬೇಕಾದ್ದು 59,352.00, ನೀವು ಹಾಕಿದ್ದು 59,376.00. 24 ರೂಪಾಯಿ ಜಾಸ್ತಿ, 18% ಜಿಎಸ್‌ಟಿ ಸೇರಿದ್ರೆ 28.32. ಅದು ಅವ್ರು ಇಟ್ಟಿರೋ ಟಾಲರೆನ್ಸ್ ದಾಟ್ತು, ಬಿಲ್ ನಿಂತ್ತು. ಒಂದೇ ಪಾರ್ಟ್‌ದು ಸಣ್ಣ ಲಾಟ್ ಪಾಸಾಗಿ ದೊಡ್ಡ ಲಾಟ್ ನಿಂತ್ರೆ ಹತ್ತಕ್ಕೆ ಒಂಬತ್ತು ಸಲ ಇದೇ ಕಾಯಿಲೆ. ರೇಟೇ ತಪ್ಪಿದ್ದಿದ್ರೆ, ಉದಾಹರಣೆಗೆ ಹಳೇ ರೇಟ್‌ನಲ್ಲಿ ಬಿಲ್ ಹಾಕಿದ್ರೆ, ಸಣ್ಣದೂ ನಿಲ್ತಿತ್ತು ದೊಡ್ಡದೂ ನಿಲ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಇಡಿಐ ಹಾಕ್ಸಿದ್ರೆ ಇದೇ 12.37 ಟೈಪಿಂಗ್ ಇಲ್ದೆ ತಾನಾಗೇ ಹೋಗಿ ಅಲ್ಲಿ ನಿಲ್ಲತ್ತೆ. ಅಷ್ಟೇ ವ್ಯತ್ಯಾಸ.

ಪೀಣ್ಯ ಟರ್ನಿಂಗ್
ಅಯ್ಯೋ ರಾಮ. 28 ರೂಪಾಯಿಗೆ 70 ಸಾವಿರದ ಬಿಲ್ ನಿಲ್ಸಿದಾರಾ?? ಒಂದು ಫೋನ್ ಮಾಡಿ ಹೇಳಿದ್ರೆ ನಾವೇ ಬಿಟ್ಕೊಡ್ತಿದ್ವಲ್ಲ.

ಸುಮಾ ಎಎಪಿ
ನಾನು ಒಂದು ದೊಡ್ಡ ಕಂಪನಿಯ ಅಕೌಂಟ್ಸ್ ಪೇಯಬಲ್‌ನಲ್ಲೇ ಇರೋದು (ನಿಮ್ಮ ಕಸ್ಟಮರ್ ಅಲ್ಲ, ಬಯ್ಬೇಡಿ). ಯಾರೂ ಕೂತ್ಕೊಂಡು ನಿಲ್ಸಲ್ಲ ಸಾರ್. ಪಿಒ ರೇಟ್, ಜಿಆರ್‌ಎನ್ ಕ್ವಾಂಟಿಟಿ, ಬಿಲ್ ಮೊತ್ತ ಮೂರನ್ನೂ ಸಿಸ್ಟಮ್ ಹೋಲ್ಸತ್ತೆ, ಮಿತಿ ದಾಟಿದ್ರೆ ಪೇಮೆಂಟ್ ಬ್ಲಾಕ್ ಹಾಕಿ ಪಕ್ಕಕ್ಕೆ ಇಡತ್ತೆ. ನಮ್ಮಲ್ಲಿ SAP ಇದೆ, ನಿಂತಿರೋದೆಲ್ಲ `MRBR` ಅನ್ನೋ ಲಿಸ್ಟ್‌ಗೆ ಬರತ್ತೆ. ಆ ಲಿಸ್ಟ್‌ನಲ್ಲಿ ಎಲ್ಲಾ ಸಪ್ಲೈಯರ್‌ದೂ ಇರತ್ತೆ, ಮೊತ್ತ ದೊಡ್ಡದಿರೋದು, ಜೋರಾಗಿ ಫೋನ್ ಮಾಡೋರದ್ದು ಮೊದ್ಲು ನೋಡ್ತೀವಿ. ಸುಳ್ಳು ಯಾಕೆ ಹೇಳ್ಲಿ.

ಇನ್ನೊಂದು ವಿಷ್ಯ, ರೇಟ್ ಬ್ಲಾಕ್ ನಾವು ತೆಗೆಯೋ ಹಾಗಿಲ್ಲ, ಬೈಯರ್ ತೆಗೀಬೇಕು. ಕ್ವಾಂಟಿಟಿ ಬ್ಲಾಕ್ ಆದ್ರೆ ಸ್ಟೋರ್ಸ್. ನೀವು ಎಪಿಗೆ ಮೇಲ್ ಮೇಲೆ ಮೇಲ್ ಹಾಕ್ತಿದ್ರೆ ಅದು ತಪ್ಪು ಬಾಗಿಲು. ಬೈಯರ್‌ಗೆ ಹಾಕಿ, ಈ 24 ರೂಪಾಯಿ ಲೆಕ್ಕ ಒಂದೇ ಸಾಲಲ್ಲಿ ಬರೀರಿ.

ಬೆಳಗಾವಿ ಫೌಂಡ್ರಿ
ಜೋರಾಗಿ ಫೋನ್ ಮಾಡೋರದ್ದು ಮೊದ್ಲು ಅಂತ ಒಪ್ಕೊಂಡ್ರಲ್ಲ ಬಾಯಾರ, ಭಾಳ ಛಲೋ ಆತು. ನಾಳೆಯಿಂದ ನಾನೂ ಜೋರ ಮಾಡ್ತೇನಿ 🙏

ಲೆಕ್ಕದ ಹುಡುಗ
ಹಾಗಾದ್ರೆ ಐಆರ್‌ಎನ್ ಕ್ಯಾನ್ಸಲ್ ಮಾಡಿ ಅದೇ ಬಿಲ್ ನಂಬರ್‌ನಲ್ಲಿ ಸರಿ ರೇಟ್ ಹಾಕಿ ಇನ್ನೊಂದು ತಗೊಳ್ಳಿ ಸಾರ್, ಐದು ನಿಮಿಷದ ಕೆಲ್ಸ.

ಜಯನಗರ ಸಿಎ
ದಯವಿಟ್ಟು ಹಾಗೆ ಮಾಡೋಕೆ ಹೋಗ್ಬೇಡಿ, ಆಗೋದೂ ಇಲ್ಲ. ಐಆರ್‌ಎನ್ ಕ್ಯಾನ್ಸಲ್‌ಗೆ 24 ಗಂಟೆ ಮಾತ್ರ ಟೈಮು, ಅದೂ ಇಡೀ ಬಿಲ್, ಒಂದು ಲೈನ್ ಅಂತ ಇಲ್ಲ. ಇ-ವೇ ಬಿಲ್ ಚಾಲ್ತಿಯಲ್ಲಿದ್ರೆ ಅದನ್ನ ಮೊದ್ಲು ರದ್ದು ಮಾಡ್ದೆ ಐಆರ್‌ಎನ್ ರದ್ದಾಗಲ್ಲ. ರದ್ದಾದ್ರೂ ಅದೇ ಬಿಲ್ ನಂಬರ್‌ಗೆ ಮತ್ತೆ ಐಆರ್‌ಎನ್ ಸಿಗಲ್ಲ, ಹೊಸ ನಂಬರ್ ಹಾಕ್ಬೇಕು. ಇವ್ರ ಕೇಸಲ್ಲಿ ಮಾಲು ಹೋಗಿ ಜಿಆರ್‌ಎನ್ ಕೂಡ ಆಗಿದೆ. 24 ರೂಪಾಯಿಗೆ ಮತ್ತೆ ಅದರ ಮೇಲಿನ 4.32 ಟ್ಯಾಕ್ಸ್‌ಗೆ ಕ್ರೆಡಿಟ್ ನೋಟ್ ಕೊಡೋದೇ ದಾರಿ, ಆ ಕ್ರೆಡಿಟ್ ನೋಟ್‌ಗೂ ಐಆರ್‌ಎನ್ ಬೇಕು.

ಪೀಣ್ಯ ಟರ್ನಿಂಗ್
ಮೇಡಂ ಅಲ್ಲೇ ಇರೋದು ತಮಾಷೆ. ಪೋರ್ಟಲ್‌ನಲ್ಲಿ ಕ್ರೆಡಿಟ್ ನೋಟ್ ಹಾಕೋಕೆ ಹೋದ್ರೆ ಮೂಲ ಬಿಲ್ "ಪೇಮೆಂಟ್‌ಗೆ ರೆಡಿ" ಅಂತ ಇರ್ಬೇಕಂತೆ. ಬಿಲ್ ರೆಡಿ ಆಗ್ಬೇಕಂದ್ರೆ ಕ್ರೆಡಿಟ್ ನೋಟ್ ಬೇಕು, ಕ್ರೆಡಿಟ್ ನೋಟ್ ಹಾಕ್ಬೇಕಂದ್ರೆ ಬಿಲ್ ರೆಡಿ ಆಗ್ಬೇಕು.

ಸುಮಾ ಎಎಪಿ
ನಮ್ಮಲ್ಲಾದ್ರೆ ಎಪಿಯವ್ರು ಬಿಲ್ ಬುಕ್ ಮಾಡುವಾಗ್ಲೇ "ಇನ್‌ವಾಯ್ಸ್ ರಿಡಕ್ಷನ್" ಅಂತ ಹಾಕಿ 24 ಕಡಿತ ಮಾಡಿ ಪಿಒ ಬೆಲೆಗೆ ಪಾಸ್ ಮಾಡ್ತೀವಿ, ಕಡಿತದ್ದು ಸಪ್ಲೈಯರ್‌ಗೆ ತಿಳ್ಸ್ತೀವಿ, ಅವ್ರು ಆಮೇಲೆ ಕ್ರೆಡಿಟ್ ನೋಟ್ ಕಳಿಸ್ತಾರೆ. ಆದ್ರೆ ಬಿಲ್ ಈಗಾಗ್ಲೇ ಬುಕ್ ಆಗಿ ಬ್ಲಾಕ್ ಆಗಿದ್ರೆ ಬೈಯರ್ ಬ್ಲಾಕ್ ಬಿಡ್ಸಿ ನೀವು ಕ್ರೆಡಿಟ್ ನೋಟ್ ಕೊಡೋದು ಸುಲಭ. ಎರಡ್ರಲ್ಲಿ ಯಾವುದು ಅಂತ ಕೇಳಿ.

ಸ್ಟುಟ್‌ಗಾರ್ಟ್ ಕನ್ನಡಿಗ
ಇಲ್ಲಿ ಆಟೋ ಸಪ್ಲೈಯರ್ ಕಡೆ ಇಡಿಐ ಕೆಲ್ಸ ಮಾಡ್ತೀನಿ. ಇಲ್ಲಿ ಪೋರ್ಟಲ್‌ನಲ್ಲಿ ಟೈಪ್ ಮಾಡೋದು ತೀರಾ ಸಣ್ಣ ಸಪ್ಲೈಯರ್‌ಗಳು ಮಾತ್ರ, ಉಳಿದವ್ರಿಗೆ ಶೆಡ್ಯೂಲ್ DELFOR ಅಂತ ಮೆಸೇಜ್ ಬರತ್ತೆ, ಮಾಲು ಹೊರಟಾಗ DESADV ಹೋಗತ್ತೆ, ಬಿಲ್ INVOIC. ನೂರಕ್ಕೆ ರೇಟ್ ಅನ್ನೋದು ಇಲ್ಲೂ ಮಾಮೂಲಿ, ಸ್ಕ್ರೂ ವಾಷರ್‌ಗೆಲ್ಲ ಸಾವಿರಕ್ಕೂ ಇರತ್ತೆ. ಅದಕ್ಕೆ ಮೆಸೇಜ್ ಒಳಗೇ ಜಾಗ ಇದೆ, ನಾವು ಭಾಗ ಮಾಡೋಕೆ ಹೋಗೋದೇ ಇಲ್ಲ. ನಿಮ್ಮ ಬಿಲ್‌ದು ಹೀಗಿರತ್ತೆ:

```
QTY+47:4800:PCE'
PRI+AAA:1236.50:::100:PCE'
```

ಮೊದಲ್ನೇ ಸಾಲು ಬಿಲ್ ಮಾಡಿದ ಕ್ವಾಂಟಿಟಿ. ಎರಡ್ನೇದ್ರಲ್ಲಿ ರೇಟ್ 1236.50, ಅದು 100 ಪೀಸ್‌ಗೆ. ಆ 100 ಬಿಟ್ಟುಬಿಟ್ರೆ ಒಂದು ಪೀಸ್‌ಗೆ 1236.50 ಅಂತ ಓದ್ಕೊಳ್ಳತ್ತೆ, ಅದನ್ನೂ ನೋಡಿದೀನಿ, ಬಿಲ್ ನೂರು ಪಟ್ಟು ಆಗಿ ಬಂದಿತ್ತು 😂 ಆದ್ರೆ ಅಷ್ಟು ದೊಡ್ಡ ತಪ್ಪು ಮೊದಲ್ನೇ ಟೆಸ್ಟ್ ಫೈಲ್‌ನಲ್ಲೇ ಗೊತ್ತಾಗತ್ತೆ. ಅರ್ಧ ಪೈಸೆ ತಪ್ಪು ತಿಂಗಳಾನುಗಟ್ಲೆ ಗೊತ್ತಾಗಲ್ಲ.

ಮೆಸೇಜ್ ಮೇಸ್ತ್ರಿ
ಸರಿಯಾಗಿ ಹೇಳಿದ್ರಿ. ಇವ್ರ ಕಡೆ ತೊಂದ್ರೆ ಏನಂದ್ರೆ ಬಿಲ್ ಮೂಲದಲ್ಲೇ 12.37 ಆಗಿ ಹುಟ್ಟತ್ತೆ. ಮೆಸೇಜ್‌ನಲ್ಲಿ ನೂರರ ಜಾಗ ಇದ್ರೂ ಐಆರ್‌ಎನ್ ಬಿಲ್ ಒಂದು ಮೊತ್ತ, ಇಡಿಐ ಬಿಲ್ ಇನ್ನೊಂದು ಮೊತ್ತ ಆಗ್ಬಿಡತ್ತೆ, ಅದು ಇನ್ನೂ ಕೆಟ್ಟದ್ದು.

ವೈಟ್‌ಫೀಲ್ಡ್ ಡೆವ್
ನಾನು ಒಬ್ರಿಗೆ ಮಾಡಿ ಕೊಟ್ಟಿದೀನಿ, ಸೆಲೆನಿಯಂ ಸ್ಕ್ರಿಪ್ಟ್ ಬರೆದು ಪೋರ್ಟಲ್‌ಗೆ ತಾನೇ ಲಾಗಿನ್ ಆಗಿ ಎಕ್ಸೆಲ್‌ನಿಂದ ಓದಿ ಎಎಸ್‌ಎನ್ ತುಂಬೋ ಥರ. ಇಡಿಐಗೆ ಯಾಕೆ ದುಡ್ಡು ಸುರೀತೀರಾ?

ಮೆಸೇಜ್ ಮೇಸ್ತ್ರಿ
ಎಷ್ಟು ದಿನ ಓಡ್ತು?

ವೈಟ್‌ಫೀಲ್ಡ್ ಡೆವ್
ಅವ್ರು ಲಾಗಿನ್‌ಗೆ ಓಟಿಪಿ ಹಾಕೋವರ್ಗೂ ಸೂಪರಾಗಿ ಓಡ್ತು ಸಾರ್.

ಬೆಳಗಾವಿ ಫೌಂಡ್ರಿ
😂😂

ಮೆಸೇಜ್ ಮೇಸ್ತ್ರಿ
ಸ್ಕ್ರೀನ್ ಮೇಲೆ ಒಂದು ಬಟನ್ ಜಾಗ ಬದಲಾದ್ರೂ ಅದು ನಿಲ್ಲತ್ತೆ, ಶನಿವಾರ ಸಂಜೆ ಗಾಡಿ ಲೋಡ್ ಆಗಿ ನಿಂತಿರುವಾಗ್ಲೇ ನಿಲ್ಲತ್ತೆ. ಅದೂ ಅಲ್ದೆ ಎಷ್ಟೋ ಪೋರ್ಟಲ್ ಷರತ್ತಲ್ಲಿ ಹೀಗೆ ಮಾಡ್ಬಾರ್ದು ಅಂತ್ಲೇ ಇರತ್ತೆ. ಪೀಣ್ಯ ಸಾರ್‌ಗೆ ನನ್ನ ಸಲಹೆ ಇಷ್ಟು: ಎಎಸ್‌ಎನ್ ಪುಟದಲ್ಲಿ "ಬಲ್ಕ್ ಅಪ್‌ಲೋಡ್" ಅಥವಾ ಟೆಂಪ್ಲೇಟ್ ಡೌನ್‌ಲೋಡ್ ಇದೆಯಾ ನೋಡಿ, ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಇರತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಅದೇ ಕಾಲಂ ಕ್ರಮದಲ್ಲಿ ಎಕ್ಸೆಲ್ ತೆಗ್ಯೋ ಹಾಗೆ ಮಾಡ್ಸಿ. ಆರೇಳು ಬಿಲ್‌ಗೆ ಅದು ಧಾರಾಳ. ಒಂದೇ ಎಚ್ಚರ, ಪಿಒ ಲೈನ್ ನಂಬರ್ 00010, 00020 ಅಂತ ಇರತ್ತಲ್ಲ, ಎಕ್ಸೆಲ್ ಆ ಮುಂದಿನ ಸೊನ್ನೆ ತಿಂದು 10 ಅಂತ ಮಾಡತ್ತೆ, ಕೆಲವು ಪೋರ್ಟಲ್ ಅದಕ್ಕೇ ರಿಜೆಕ್ಟ್ ಮಾಡತ್ತೆ. ಕಾಲಂನ ಟೆಕ್ಸ್ಟ್ ಅಂತ ಇಡಿ.

ನ್ಯೂಜೆರ್ಸಿ ರವಿ
ಒಂದು ಕಾಲದಲ್ಲಿ ಅಮೆರಿಕದ ರೀಟೇಲ್ ಚೈನ್‌ಗೆ ಸಪ್ಲೈ ಮಾಡೋ ಕಂಪನೀಲಿದ್ದೆ. ಅಲ್ಲಿ ಇಡಿಐ ಇಲ್ಲಾಂದ್ರೆ ವೆಂಡರ್ ಆಗಕ್ಕೇ ಬಿಡಲ್ಲ. ಪಿಒ 850 ಅಂತ ಬರತ್ತೆ, ನೀವು ಎಎಸ್‌ಎನ್ 856 ಕಳಿಸ್ಬೇಕು, ಬಿಲ್ 810 ಕಳಿಸ್ಬೇಕು. ಬಿಲ್ ಹೋದ್ಮೇಲೆ 997 ವಾಪಸ್ ಬಂದ್ರೆ ಆಯ್ತು, ಬಿಲ್ ಆಕ್ಸೆಪ್ಟ್ ಆದ ಹಾಗೆ, ನೆಮ್ಮದಿಯಾಗಿ ನಿದ್ದೆ ಮಾಡ್ಬೋದು. ಈ ಪೋರ್ಟಲ್ ರಗಳೆಯೆಲ್ಲ ಇಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ
ರವಿ ಅಣ್ಣ, ನಿದ್ದೆ ಮಾಡ್ಬೇಡಿ. 997 ಬಂದ್ರೆ ಫೈಲ್ ತಲುಪ್ತು, ಅದ್ರ ರಚನೆ ಸರಿ ಇದೆ ಅಂತ ಮಾತ್ರ. ಒಳಗಿನ ರೇಟ್ ಪಿಒಗೆ ಹೊಂದತ್ತಾ ಅಂತ ಅದು ನೋಡೋದೇ ಇಲ್ಲ. ಆ ತಕರಾರು ಬರೋದಾದ್ರೆ 824ರಲ್ಲಿ ಬರತ್ತೆ, ನಮ್ಮ ಕಡೆ APERAK. ಬಹಳಷ್ಟು ಕಸ್ಟಮರ್‌ಗಳು ಅದನ್ನ ಕಳಿಸೋದೇ ಇಲ್ಲ. ಹಾಗಾಗಿ ನಿಮ್ಮ ಕಡೆ ಎಲ್ಲಾ ಹಸಿರು, ಅವ್ರ ಕಡೆ ಬಿಲ್ ಬ್ಲಾಕ್. ಇಡಿಐ ಇರೋರೂ ಪೇಮೆಂಟ್ ಸ್ಟೇಟಸ್ ನೋಡೋಕೆ ಪೋರ್ಟಲ್‌ಗೇ ಹೋಗ್ತಾರೆ.

ನ್ಯೂಜೆರ್ಸಿ ರವಿ
ಹ್ಮ್ಮ್. ಅದಕ್ಕೇನಾ ನಮ್ಮಲ್ಲಿ ಡಿಡಕ್ಷನ್ ನೋಡಕ್ಕೆ ಒಬ್ಳು ಬೇರೆ ಕೂತಿರ್ತಿದ್ಲು. ಮಾಲಿಗಿಂತ 856 ಲೇಟಾಗಿ ಹೋದ್ರೂ ಚಾರ್ಜ್‌ಬ್ಯಾಕ್ ಹಾಕ್ತಿದ್ರು.

ಪೀಣ್ಯ ಟರ್ನಿಂಗ್
ಈಗ ರೇಟ್ 12.365 ಅಂತ ಹಾಕೋಣ ಅಂದ್ರೆ ನಮ್ಮ ಅಕೌಂಟೆಂಟ್ "ಇ-ಇನ್‌ವಾಯ್ಸ್‌ನಲ್ಲಿ ಎರಡೇ ದಶಮಾಂಶ ತಗೊಳ್ಳೋದು" ಅಂತಿದಾರೆ. ನಿಜಾನಾ?

ಜಯನಗರ ಸಿಎ
ಮೊತ್ತಗಳಿಗೆ ಎರಡು ಸರಿ, ಯೂನಿಟ್ ರೇಟ್‌ಗೆ ಮೂರು ತಗೊಳ್ಳತ್ತೆ.

ಮೆಸೇಜ್ ಮೇಸ್ತ್ರಿ
ಹೌದು, ಹೀಗೆ ಹೋಗತ್ತೆ:

```
"Qty": 4800,
"Unit": "NOS",
"UnitPrice": 12.365,
"TotAmt": 59352.00
```

ಸಾಫ್ಟ್‌ವೇರ್‌ನಲ್ಲಿ ರೇಟ್‌ಗೆ ಮೂರು ದಶಮಾಂಶ ಮಾಡ್ಸಿ, ಸ್ಕ್ರೀನ್ ಮೇಲೆ ತೋರ್ಸೋಕಷ್ಟೇ ಅಲ್ಲ, ಗುಣಾಕಾರಕ್ಕೂ ಅದನ್ನೇ ತಗೊಳ್ಬೇಕು. 4,800 ನಂಬರ್ ಹಾಕಿ ನೋಡಿ, 59,352.00 ಬರ್ಬೇಕು. ಆದ್ರೆ ನಾಳೆ ರೇಟ್ ಪರಿಷ್ಕರಣೆ ಆಗಿ 1,236.55 ಬಂತು ಅನ್ಕೊಳ್ಳಿ, ಒಂದಕ್ಕೆ 12.3655, ನಾಲ್ಕು ದಶಮಾಂಶ, ಮೂರರಲ್ಲಿ ಮತ್ತೆ ಕೂರಲ್ಲ. ರೇಟ್ ಮಾತಾಡುವಾಗ್ಲೇ ನೂರಕ್ಕೆ ಹತ್ತು ಪೈಸೆಗೆ ರೌಂಡ್ ಮಾಡ್ಸಿ ಪಿಒ ತಿದ್ದುಪಡಿ ತಗೊಳ್ಳಿ.

ಮತ್ತೆ ಕೆಲ್ಸದ ಕ್ರಮ ಬದಲಾಯ್ಸಿ. ಐಆರ್‌ಎನ್ ತಗೊಳ್ಳೋಕೆ ಮೊದ್ಲು ಒಂದು ಶೀಟ್‌ನಲ್ಲಿ ಪಿಒ ರೇಟ್ × ಕ್ವಾಂಟಿಟಿ ÷ 100 ಮತ್ತೆ ಬಿಲ್‌ನ ಟ್ಯಾಕ್ಸೆಬಲ್ ವ್ಯಾಲ್ಯೂ ಪಕ್ಕಪಕ್ಕ ಇಟ್ಟು ನೋಡ್ಲಿ ನಿಮ್ಮ ಹುಡುಗ. ಬಿಲ್ ಡ್ರಾಫ್ಟ್ ಇರೋವರ್ಗೂ ತಿದ್ದೋದು ಪುಕ್ಕಟೆ, ಐಆರ್‌ಎನ್ ಬಿದ್ದು ಮಾಲು ಹೋದ್ಮೇಲೆ ಕ್ರೆಡಿಟ್ ನೋಟೇ ಗತಿ.

ಹುಬ್ಬಳ್ಳಿ ವಾಲ್ವ್
ಎಲ್ಲಾ ಸರಿರೀ, ಸಪ್ಲೈಯರೇ ಎಲ್ಲಾ ಯಾಕ ಬದಲಾಯ್ಸಬೇಕು? ಅವ್ರು ಟಾಲರೆನ್ಸ್ ನೂರು ರೂಪಾಯಿ ಇಟ್ರ ಮುಗೀತು. 70 ಸಾವಿರದ ಬಿಲ್‌ನ್ಯಾಗ 28 ರೂಪಾಯಿ ಅಂದ್ರ ಏನು ಲೆಕ್ಕ.

ಸುಮಾ ಎಎಪಿ
ನೂರು ರೂಪಾಯಿ ಅಂತ ಗೊತ್ತಾದ್ರೆ ಪ್ರತಿ ಬಿಲ್‌ಗೂ 99 ಜಾಸ್ತಿ ಹಾಕೋರು ಇದಾರೆ ಸಾರ್, ನಾನು ನೋಡಿದೀನಿ. ಅದಕ್ಕೆ ಆಡಿಟ್‌ನವ್ರು ಮೇಲಿನ ಮಿತಿ ಬಿಗಿ ಇಡಿ ಅಂತಾರೆ.

ಹುಬ್ಬಳ್ಳಿ ವಾಲ್ವ್
ಕಮ್ಮಿ ಹಾಕಿದ್ರ ಮಾತ್ರ ಒಂದೂ ಬಿಲ್ ನಿಲ್ಲೂದಿಲ್ಲ ನೋಡ್ರಿ.

ಸುಮಾ ಎಎಪಿ
ಅದಂತೂ ನಿಜ 🙂

ಪೀಣ್ಯ ಟರ್ನಿಂಗ್
ಇನ್ನೊಂದು ಪ್ರಶ್ನೆ. ನಮ್ಮದು ಉದ್ಯಮ್‌ನಲ್ಲಿ ಸಣ್ಣ ಉದ್ಯಮ. 45 ದಿನದೊಳಗೆ ಕೊಡ್ಬೇಕಲ್ವಾ, ಇಲ್ಲಾಂದ್ರೆ ಅವ್ರಿಗೆ ಆ ವರ್ಷ ಖರ್ಚು ಡಿಡಕ್ಷನ್ ಸಿಗಲ್ಲ ಅಂತ ಇನ್‌ಕಂ ಟ್ಯಾಕ್ಸ್ ಕಾಯ್ದೆ ಹೇಳತ್ತಲ್ಲ. ಈ ಬ್ಲಾಕ್ ಆದ ದಿನಗಳು ಲೆಕ್ಕಕ್ಕೆ ಬರತ್ತಾ?

ಜಯನಗರ ಸಿಎ
ಇಲ್ಲಿ ವಾದಕ್ಕೆ ಜಾಗ ಇದೆ. ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದೇ ಇದ್ರೆ ತಲುಪಿದ ದಿನವೇ ಒಪ್ಪಿದ ದಿನ. ಅಲ್ಲಿಂದ ಲೆಕ್ಕ ಶುರು. ಲಿಖಿತ ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ, ಒಪ್ಪಂದ ಇಲ್ದಿದ್ರೆ 15. ಪೋರ್ಟಲ್‌ನಲ್ಲಿ "ಬ್ಲಾಕ್ಡ್ - ಪ್ರೈಸ್" ಅಂತ ಒಂದು ಸ್ಟೇಟಸ್ ಬಂದ್ರೆ ಅದು ಲಿಖಿತ ಆಕ್ಷೇಪಣೆನಾ? ನನ್ನ ಪ್ರಕಾರ ಅಲ್ಲ, ಆಕ್ಷೇಪಣೆ ಮಾಲಿನ ಬಗ್ಗೆ ಇರ್ಬೇಕು, ಮಾಲು ಜಿಆರ್‌ಎನ್ ಆಗಿ ಲೈನ್‌ನಲ್ಲಿ ಬಳಕೆಯೂ ಆಗಿದೆ.

ಸುಮಾ ಎಎಪಿ
ನಮ್ಮ ಲೀಗಲ್‌ನವ್ರು ಆಕ್ಷೇಪಣೆನೇ ಅಂತಾರೆ ಮೇಡಂ. ಪೋರ್ಟಲ್ ಷರತ್ತಲ್ಲಿ "ಸ್ಟೇಟಸ್ ಸಂದೇಶವನ್ನು ಲಿಖಿತ ಸೂಚನೆ ಎಂದು ಪರಿಗಣಿಸಲಾಗುವುದು" ಅಂತ ಒಂದು ಸಾಲು ಸೇರ್ಸಿದಾರೆ, ಸಪ್ಲೈಯರ್ ಲಾಗಿನ್ ಆಗುವಾಗ ಒಪ್ಪಿಗೆ ಒತ್ತಿರ್ತಾರೆ.

ಜಯನಗರ ಸಿಎ
ಒಪ್ಪಿಗೆ ಒತ್ತಿದ ಮಾತ್ರಕ್ಕೆ ಕಾಯ್ದೆ ಬದಲಾಗಲ್ಲ. ಬೇಕಾದ್ರೆ ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ವಾದ ಮಾಡ್ಲಿ.

ಬೆಳಗಾವಿ ಫೌಂಡ್ರಿ
ಕೌನ್ಸಿಲ್‌ಗೆ ಹೋದ ಸಪ್ಲೈಯರ್‌ಗೆ ಮುಂದಿನ ಶೆಡ್ಯೂಲ್ ಯಾರು ಕೊಡ್ತಾರ್ರಿ ಮೇಡಂ?

ಪೀಣ್ಯ ಟರ್ನಿಂಗ್
ಅದೇ ಅಲ್ವಾ. ಸದ್ಯಕ್ಕೆ ಬೈಯರ್‌ಗೆ ಮೇಲ್ ಹಾಕ್ದೆ, 59,352 / 59,376 ಲೆಕ್ಕ ಒಂದೇ ಸಾಲಲ್ಲಿ. ಬ್ಲಾಕ್ ಬಿಟ್ಟಿದಾರೆ, ಕ್ರೆಡಿಟ್ ನೋಟ್ ಕೊಡಿ ಅಂದ್ರು. ಹಳೇವು ಇನ್ನೂ ಮೂರ್ನಾಲ್ಕು ಇದಾವೆ, ಅವೆಲ್ಲಾ 1,236.50ರದ್ದೇ. ಸಾಫ್ಟ್‌ವೇರ್‌ನವ್ನು ಮೂರು ದಶಮಾಂಶ ಮಾಡ್ತೀನಿ ಅಂದಿದಾನೆ, ಆದ್ರೆ ಎಲ್ಲಾ ಕಸ್ಟಮರ್‌ಗೂ ಒಟ್ಟಿಗೆ ಬದಲಾಗತ್ತಂತೆ, ಬೇರೆಯವ್ರ ಬಿಲ್‌ನಲ್ಲಿ ಏನು ಎಡವಟ್ಟಾಗತ್ತೋ ನೋಡ್ಬೇಕು. ಬಲ್ಕ್ ಅಪ್‌ಲೋಡ್ ಇತ್ತು ಸಾರ್, "ಅದರ್ಸ್" ಅನ್ನೋ ಮೆನು ಒಳಗೆ ಬಚ್ಚಿಟ್ಟಿದಾರೆ. ಇಡಿಐ ಕೊಟೇಷನ್‌ನವ್ನಿಗೆ ನೂರಕ್ಕೆ ರೇಟ್ ಹೇಗೆ ಕಳಿಸ್ತೀಯಾ ಅಂತ ಕೇಳ್ದೆ, "ಅದೆಲ್ಲ ನಮ್ಮ ಟೀಂ ನೋಡ್ಕೊಳ್ಳತ್ತೆ" ಅಂದ.

ಸ್ಟುಟ್‌ಗಾರ್ಟ್ ಕನ್ನಡಿಗ
ಹಾಗಂದ್ರೆ ಅಡ್ವಾನ್ಸ್ ಕೊಡ್ಬೇಡಿ. ಮೊದ್ಲು ನಿಮ್ಮ ಈ ನಿಂತ ಬಿಲ್‌ನೇ ಟೆಸ್ಟ್ ಫೈಲ್ ಆಗಿ ಕಳಿಸ್ಲಿ, PRI ಸಾಲು ಹೇಗೆ ಬಂತು ಅಂತ ಇಲ್ಲಿ ಹಾಕಿ ನೋಡೋಣ.

ಪೀಣ್ಯ ಟರ್ನಿಂಗ್
ಸರಿ ಕೇಳ್ತೀನಿ. ಅವ್ನು ಫೋನ್ ಎತ್ತಿದ್ರೆ.